ದಲಾಲಿ ಅನ್ನಿಸದ ಹಾಗೆ: ಟ್ಯೂಷನ್‌ಗೆ ಗೆಳೆಯರನ್ನು ಕರೆತರಲು ಪಾಲಕರಿಗೆ ಬರೆಯುವ ಮೆಸೇಜು

ಹುಬ್ಬಳ್ಳಿಯ ನವನಗರದಲ್ಲಿ ನಮ್ಮ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ಎಂಟರಿಂದ ಹತ್ತನೇ ತರಗತಿಯವರಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಮೂರು ವರ್ಷದ ಹಿಂದೆ ಒಂಬತ್ತನೇ ತರಗತಿಯ ಬ್ಯಾಚಿನಲ್ಲಿ 14 ಮಕ್ಕಳಿದ್ದರು, ಇನ್ನೂ ನಾಲ್ವರಿಗೆ ಜಾಗ ಇತ್ತು. ಜಾಗ ತುಂಬಿಸಲು ಒಂದು ಸಂಜೆ ಎಲ್ಲ 42 ಪಾಲಕರಿಗೂ ಈ ಮೆಸೇಜು ಕಳಿಸಿದೆ:

> 🎉 ಭರ್ಜರಿ ಆಫರ್! 🎉 ಆತ್ಮೀಯ ಪಾಲಕರೇ, ನಿಮ್ಮ ಸ್ನೇಹಿತರ ಮಕ್ಕಳನ್ನು ನಮ್ಮ ಟ್ಯೂಷನ್‌ಗೆ ಸೇರಿಸಿ, ₹500 ಗೆಲ್ಲಿ! ಎಷ್ಟು ಜನರನ್ನು ಸೇರಿಸುತ್ತೀರೋ ಅಷ್ಟು ಲಾಭ! ಸುವರ್ಣಾವಕಾಶ ಕಳೆದುಕೊಳ್ಳಬೇಡಿ. ಈ ತಿಂಗಳ ಫೀ ಬಾಕಿ ಇರುವವರು ದಯವಿಟ್ಟು 5ನೇ ತಾರೀಖಿನೊಳಗೆ ಕಟ್ಟಿ.

ಆರು ಹೆಬ್ಬೆರಳು ಬಂದವು. ಇಬ್ಬರು ಫೀ ಕಟ್ಟಿದರು. ಒಬ್ಬರೂ ಯಾರನ್ನೂ ಕರೆತರಲಿಲ್ಲ.

ಎರಡು ವಾರದ ಮೇಲೆ ಮಗಳನ್ನು ಕರೆದುಕೊಂಡು ಹೋಗಲು ಬಂದ ತಾಯಿಯೊಬ್ಬರು ಗೇಟಿನ ಹತ್ತಿರ ನಿಂತು ತಾವಾಗಿಯೇ ವಿಷಯ ತೆಗೆದರು. "ಅಕ್ಕೋರ, ನೀವು ಛಲೋ ಕಲಸ್ತೀರಿ, ಅದರಾಗ ಎರಡು ಮಾತಿಲ್ಲ. ನಮ್ಮ ವೈನಿ ಮಗಾನೂ ಒಂಬತ್ತನೇತ್ತೇ ಅದಾನ. ಆದ್ರ ಈಗ ಹೇಳಿದ್ರ, ಐದುನೂರು ರೂಪಾಯಿ ಸಲವಾಗಿ ಹೇಳ್ಯಾಳ ಅಂತ ಆಗ್ತದಲ್ರಿ?"

ನಮ್ಮ ಮನೆಯಿಂದ ಅಮರಗೋಳದ ಎಪಿಎಂಸಿ ದೂರವಿಲ್ಲ. ದಲಾಲಿ ಅಂದರೇನು ಅಂತ ಇಲ್ಲಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಡತಿಯಲ್ಲಿ ಅದು ಮರ್ಯಾದೆಯ ಕಸುಬು. ಆದರೆ ವೈನಿಯ ಹತ್ತಿರ, ಓಣಿಯ ಗೆಳತಿಯ ಹತ್ತಿರ ದಲಾಲಿ ಮಾಡಿದಂತೆ ಕಾಣುವುದು ಯಾರಿಗೂ ಬೇಡ. ಆ ತಾಯಿ ನನ್ನ ಮೆಸೇಜು ಬರುವ ಮೊದಲಾಗಿದ್ದರೆ ವೈನಿಗೆ ಸುಮ್ಮನೆ ಹೇಳಿಬಿಡುತ್ತಿದ್ದರು. ಮೆಸೇಜು ಬಂದ ಮೇಲೆ ಹೇಳಲು ಹಿಂಜರಿದರು. ನನ್ನ ಆಫರ್ ಪುಕ್ಕಟೆಯಾಗಿ ಸಿಗುತ್ತಿದ್ದ ಒಳ್ಳೆಯ ಮಾತನ್ನೇ ನಿಲ್ಲಿಸಿತ್ತು.

ಮುಂದಿನ ವರ್ಷ ಎಲ್ಲವನ್ನೂ ಬದಲಾಯಿಸಿ ಬರೆದೆ. ಹೇಗೆ ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. 40–50 ಮಕ್ಕಳ ಸಣ್ಣ ಟ್ಯೂಷನ್ ನಡೆಸುವವರಿಗೆ ಇದು ಹೊಂದುತ್ತದೆ. ಧಾರವಾಡದ ಸಪ್ತಾಪುರದ ಕಡೆ ಇರುವ ದೊಡ್ಡ ಕೋಚಿಂಗ್ ಸೆಂಟರುಗಳ ವ್ಯವಹಾರವೇ ಬೇರೆ.

ಮೊದಲು ಲೆಕ್ಕ, ಆಮೇಲೆ ಮಾತು

ಏನು ಕೊಡುತ್ತೀರಿ, ಯಾರಿಗೆ, ಯಾವಾಗ ಅನ್ನುವುದು ತೀರ್ಮಾನ ಆಗುವ ಮೊದಲು ಮೆಸೇಜು ಬರೆಯಲು ಕೂರಬೇಡಿ. ಲೆಕ್ಕ ಮಸುಕಾಗಿದ್ದರೆ "ಆಕರ್ಷಕ ರಿಯಾಯಿತಿ", "ವಿಶೇಷ ಬಹುಮಾನ" ಅನ್ನುವ ಪೊಳ್ಳು ಪದಗಳು ಬರುತ್ತವೆ. ಪಾಲಕರು ಅವನ್ನು ನಂಬುವುದಿಲ್ಲ.

ನನ್ನ ಲೆಕ್ಕ ಹೀಗಿತ್ತು. ತಿಂಗಳ ಫೀ ₹1,200, ವರ್ಷಕ್ಕೆ ಹತ್ತು ತಿಂಗಳು, ಅಂದರೆ ಒಂದು ಮಗುವಿನಿಂದ ₹12,000. ಹೊಸ ಮಗುವಿಗೆ ಮೊದಲ ತಿಂಗಳ ಫೀಯಲ್ಲಿ ₹600 ಕಡಿಮೆ. ಕರೆತಂದವರ ಮಗುವಿಗೂ ಅಷ್ಟೇ ₹600 ಕಡಿಮೆ, ಆದರೆ ಹೊಸ ಮಗು ಎರಡನೇ ತಿಂಗಳ ಫೀ ಕಟ್ಟಿದ ಮೇಲೆ. ಮಗು ವರ್ಷಪೂರ್ತಿ ಉಳಿದರೆ ನನ್ನ ಖರ್ಚು ₹1,200, ಹತ್ತರಲ್ಲಿ ಒಂದು ಪಾಲು. ಒಂದೇ ತಿಂಗಳಿಗೆ ಬಿಟ್ಟುಹೋದರೆ ನಾನು ಬಿಟ್ಟುಕೊಟ್ಟದ್ದು ₹600 ಮಾತ್ರ.

ಇದರಲ್ಲಿ ಮೂರು ವಿಷಯ ಬೇಕೆಂದೇ ಇಟ್ಟಿದ್ದೇನೆ. ಎರಡೂ ಕಡೆಗೆ ಮೊತ್ತ ಒಂದೇ. ಕರೆತಂದವರಿಗೆ ಸಾವಿರ, ಬಂದವರಿಗೆ ಇನ್ನೂರು ಅಂದರೆ ಅದು ಮತ್ತೆ ದಲಾಲಿಯೇ. ಎರಡನೆಯದು, ಕೈಗೆ ರೊಕ್ಕ ಇಲ್ಲ, ಫೀಯಲ್ಲೇ ಕಳೆಯುವುದು. ಫೋನ್‌ಪೇಯಲ್ಲಿ ₹500 ಬಂದರೆ ಕಮಿಷನ್ ಅನ್ನಿಸುತ್ತದೆ. ಅದೇ ₹500 ಫೀಯಲ್ಲಿ ಕಡಿಮೆಯಾದರೆ ಟೀಚರು ಮಗುವಿಗೆ ಬಿಟ್ಟುಕೊಟ್ಟದ್ದು ಅನ್ನಿಸುತ್ತದೆ. ಮೂರನೆಯದೇ ನನಗೆ ಹೆಚ್ಚು ಕೆಲಸ ಮಾಡಿದ್ದು. ಕರೆತಂದವರು ಬೇಕಾದರೆ ತಮ್ಮ ಪಾಲಿನ ₹600 ಅನ್ನೂ ಗೆಳತಿಗೇ ಕೊಡಬಹುದು, ಆಗ ಹೊಸ ಮಗುವಿಗೆ ಮೊದಲ ತಿಂಗಳು ಪೂರ್ತಿ ಉಚಿತ. (ಇಲ್ಲಿ ನಾನು ಎರಡನೇ ತಿಂಗಳಿನವರೆಗೆ ಕಾಯುವುದಿಲ್ಲ, ಆ ನಷ್ಟದ ಭಯವನ್ನು ನುಂಗಿಕೊಂಡಿದ್ದೇನೆ.) "ನಮ್ಮ ಟೀಚರಿಗೆ ಹೇಳಿ ನಿಮಗೊಂದು ತಿಂಗಳು ಫ್ರೀ ಮಾಡಿಸೇನ್ರಿ" ಅಂತ ವೈನಿಗೆ ಹೇಳುವುದರಲ್ಲಿ ಯಾವ ಸಂಕೋಚವೂ ಇಲ್ಲ. ಅದರಲ್ಲಿ ಸ್ವಲ್ಪ ಹೆಮ್ಮೆಯೇ ಇದೆ.

ಕೊನೆಗೆ ಜಾಗದ ಎಣಿಕೆ. ಬ್ಯಾಚಿಗೆ 18 ಅಂದರೆ 18. ಈಗಿರುವ ಪಾಲಕರಿಗೆ ಹೊಸಬರು ಬರುವುದರ ಬಗ್ಗೆ ಇರುವ ದೊಡ್ಡ ಅಳುಕು, ತಮ್ಮ ಮಗುವಿನ ಕಡೆ ಟೀಚರ್ ನೋಡುವುದು ಕಡಿಮೆಯಾದೀತು ಅನ್ನುವುದು. "ಎಷ್ಟು ಜನರನ್ನು ಸೇರಿಸುತ್ತೀರೋ ಅಷ್ಟು ಲಾಭ" ಅಂತ ನಾನು ಬರೆದಾಗ ಅವರು ಓದಿಕೊಂಡದ್ದು "ಸಂತಿ ಮಾಡ್ತಾರ ಇನ್ನ" ಅಂತ.

ಯಾರಿಗೆ ಕಳಿಸಬೇಕು

ಎಲ್ಲರಿಗೂ ಅಲ್ಲ. ಮೊದಲು ಯಾವ ಪಾಲಕರಿಗೆ ಕಳಿಸಬೇಕು ಅಂತ ಕೇಳಿದರೆ ಹೆಚ್ಚಿನ ಟೀಚರುಗಳು ಕ್ಲಾಸಿಗೆ ಫಸ್ಟ್ ಬರುವ ಮಗುವಿನ ಹೆಸರು ಹೇಳುತ್ತಾರೆ. ನಾನು ಅವರನ್ನು ಕೊನೆಗೆ ಇಡುತ್ತೇನೆ. ಮುಂದಿರುವ ಮಗುವಿನ ಮನೆಯಲ್ಲಿ ಪೈಪೋಟಿಯ ಲೆಕ್ಕ ಇರುತ್ತದೆ, ಪಕ್ಕದ ಮನೆಯ ಮಗುವೂ ಅದೇ ನೋಟ್ಸ್ ಓದಲಿ ಅಂತ ಅವರಿಗೆ ಅಷ್ಟಾಗಿ ಅನ್ನಿಸುವುದಿಲ್ಲ. ಇನ್ನು ಅವರು ಹೇಳಿದರೂ ಕೇಳುವವರು, "ಅವ್ರ ಮಗ ಮೊದ್ಲಿಂದಾನೂ ಶ್ಯಾಣ್ಯಾ ಅದಾನ ಬಿಡ್ರಿ" ಅಂದುಬಿಡುತ್ತಾರೆ. ನಮ್ಮ ಕಲಿಸುವಿಕೆಯ ಪಾಲು ಅಲ್ಲಿ ಕಾಣುವುದೇ ಇಲ್ಲ.

ಮಾತು ಹಬ್ಬುವುದು ನಡುವಿನ ಮಕ್ಕಳ ಮನೆಯಿಂದ. 25ರ ಟೆಸ್ಟಿನಲ್ಲಿ 9 ತೆಗೆಯುತ್ತಿದ್ದವಳು 16 ತೆಗೆದಿದ್ದಾಳೆ, ಮನೆಯಲ್ಲಿ ಗಣಿತದ ಪುಸ್ತಕ ತೆರೆದರೆ ಅಳುವುದು ನಿಂತಿದೆ. ಆ ತಾಯಿಯ ಹತ್ತಿರ ಹೇಳಲು ಒಂದು ಕಥೆ ಇದೆ, ಕೇಳುವವರ ಮಗುವೂ ಅದೇ 9ರ ಹತ್ತಿರ ಇರುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ಮಕ್ಕಳ ಹೆಸರು ಬರೆದು ಪ್ರತಿಯೊಂದರ ಮುಂದೆ ಎರಡು ವಿಷಯ ಗುರುತು ಮಾಡಿಕೊಳ್ಳಿ. ಕಳೆದ ತಿಂಗಳಲ್ಲಿ ಈ ಮಗುವಿನಲ್ಲಿ ಪಾಲಕರಿಗೇ ಕಾಣುವಂಥ ಬದಲಾವಣೆ ಏನು? ಈ ಮಗು ಯಾವ ಕಡೆಯಿಂದ, ಹೇಗೆ ಬರುತ್ತದೆ? ಮೊದಲನೆಯದಕ್ಕೆ ಉತ್ತರ ಬರೆಯಲಾಗದಿದ್ದರೆ ಆ ಮನೆಗೆ ಮೆಸೇಜು ಬೇಡ, ಮೊದಲು ಆ ಮಗುವಿನ ಕಡೆ ಗಮನ ಕೊಡಿ. ನನಗೆ 42ರಲ್ಲಿ 13 ಹೆಸರು ಉಳಿದವು.

ಎರಡನೇ ಪ್ರಶ್ನೆ ವಿಚಿತ್ರ ಅನ್ನಿಸಬಹುದು, ಆದರೆ ಮೆಸೇಜಿನ ಜೀವ ಅದರಲ್ಲೇ ಇದೆ. ನಮ್ಮ ಕ್ಲಾಸು ಬಿಡುವುದು ಸಂಜೆ ಏಳೂವರೆಗೆ. ಉಣಕಲ್ ಕಡೆಯಿಂದ ಬರುವ ಹುಡುಗಿಯ ತಾಯಿಗೆ ನಿಜವಾಗಿ ಬೇಕಿರುವುದು ₹600 ಅಲ್ಲ. ಮಗಳಿಗೆ ಹೋಗಿಬರಲು ಒಬ್ಬ ಜೋಡಿ ಬೇಕು. ತಂದೆ ದಿನಾ ಅಂಗಡಿ ಬಿಟ್ಟು ಬೈಕಿನಲ್ಲಿ ಬರಬೇಕಾಗಿರುವುದು ತಪ್ಪಬೇಕು. ಆಟೋ ಮಾಡಿದರೆ ತಿಂಗಳ ಬಾಡಿಗೆ ಇಬ್ಬರ ನಡುವೆ ಹಂಚಿಹೋಗಬೇಕು. ಅದೇ ಓಣಿಯ ಇನ್ನೊಂದು ಮಗು ಸೇರಿದರೆ ಈ ತಾಯಿಗೆ ಆಗುವ ಅನುಕೂಲ ನನ್ನ ರಿಯಾಯಿತಿಗಿಂತ ದೊಡ್ಡದು. ಗೆಳತಿಗೆ ಹೇಳಲು ಅದೇ ಮರ್ಯಾದೆಯ ಕಾರಣವೂ ಹೌದು: "ನಮ್ಮಾಕಿ ಜೋಡಿ ನಿಮ್ಮಾಕಿನೂ ಬಂದ್ರ ಇಬ್ಬರೂ ಕೂಡಿ ಹೋಗಿಬರ್ತಾರ." ಒಂದು ಎಚ್ಚರಿಕೆ: ಜೊತೆಯ ಬಗ್ಗೆ ಬರೆಯಿರಿ, ಕತ್ತಲೆಯ ಬಗ್ಗೆ ಬರೆಯಬೇಡಿ. ಹೆದರಿಸಿದರೆ ಅವರು ಈಗಿರುವ ಮಗುವನ್ನೂ ಬಿಡಿಸುತ್ತಾರೆ.

ಪಾಲಕರಿಗೆ ಹೋಗುವ ಮೆಸೇಜು

ಮೆಸೇಜು ಒಂದಲ್ಲ, ಎರಡು. ಒಂದು ಪಾಲಕರಿಗೆ ನಾವು ಬರೆಯುವುದು, ಇನ್ನೊಂದು ಅವರು ಗೆಳತಿಗೆ ಕಳಿಸುವುದು. ನನ್ನ ಮೊದಲ ಮೆಸೇಜಿನ ಇನ್ನೊಂದು ದೋಷ ಇದೇ. ಅದನ್ನು ಹಾಗೇ ಫಾರ್ವರ್ಡ್ ಮಾಡಿದರೆ "₹500 ಗೆಲ್ಲಿ" ಅನ್ನುವುದೂ ಗೆಳತಿಗೆ ಹೋಗುತ್ತಿತ್ತು, ಜೊತೆಗೆ ಫೀ ಬಾಕಿಯ ಸುದ್ದಿಯೂ.

ಎರಡನೇ ವರ್ಷ ಉಣಕಲ್ಲಿನ ಆ ತಾಯಿಗೆ ಕಳಿಸಿದ್ದು ಇದು. ಮಗುವಿನ ಹೆಸರಿನ ಜಾಗದಲ್ಲಿ ಗೆರೆ ಎಳೆದಿದ್ದೇನೆ.

> ನಮಸ್ಕಾರ ಅಕ್ಕಾರ. ನಿಮ್ಮ ____ ಈ ಸಲ ಬಹುಪದೋಕ್ತಿ ಟೆಸ್ಟಿನಲ್ಲಿ 25ಕ್ಕೆ 16 ತೆಗೆದಿದ್ದಾಳೆ. ಜೂನಿನಲ್ಲಿ 9 ಇತ್ತು. ಅಪವರ್ತನದ ಲೆಕ್ಕ ಈಗ ಯಾರನ್ನೂ ಕೇಳದೆ ಮಾಡ್ತಾಳೆ, ಚಿಹ್ನೆ ತಪ್ಪುವುದು ಮಾತ್ರ ಇನ್ನೂ ಸ್ವಲ್ಪ ಇದೆ.
>
> ಒಂಬತ್ತನೇ ಬ್ಯಾಚಿನಲ್ಲಿ 4 ಜಾಗ ಇವೆ. 18ರ ಮೇಲೆ ನಾನು ತಗೊಳ್ಳೋದಿಲ್ಲ. ಹೊರಗೆ ಬೋರ್ಡ್ ಹಾಕುವ ಮೊದಲು ನಿಮ್ಮನ್ನ ಕೇಳೋಣ ಅನ್ನಿಸಿತು. ನಿಮ್ಮ ಕಡೆಯಿಂದ, ____ ಜೊತೆ ಹೋಗಿಬರಬಹುದಾದ ಹುಡುಗಿ ಯಾರಾದರೂ ಇದ್ದಾರೇನ್ರಿ?
>
> ಅವರು 4 ದಿನ ಸುಮ್ಮನೆ ಬಂದು ಕೂತು ನೋಡಲಿ, ಫೀ ಬೇಡ. ಹೊಂದಲಿಲ್ಲ ಅಂದರೆ ನನಗೇ ಹೇಳಲಿ, ನೀವು ನಡುವೆ ಬರಬೇಕಾಗಿಲ್ಲ.
>
> ಸೇರಿದರೆ ಅವರಿಗೆ ಮೊದಲ ತಿಂಗಳು ₹600 ಕಡಿಮೆ. ಅವರ ಎರಡನೇ ತಿಂಗಳ ಫೀ ಬಂದ ಮೇಲೆ ____ ಫೀಯಲ್ಲೂ ₹600 ಕಡಿಮೆ. ಬೇಕಾದರೆ ನಿಮ್ಮ ಪಾಲನ್ನೂ ಅವರಿಗೇ ಕೊಡಬಹುದು, ಆಗ ಅವರಿಗೆ ಒಂದು ತಿಂಗಳು ಪೂರ್ತಿ ಉಚಿತ. ಇದನ್ನ ಅವರಿಗೂ ಹೀಗೇ ಹೇಳಿರ್ತೀನಿ.
>
> ಯಾರೂ ಇಲ್ಲದಿದ್ದರೆ ಉತ್ತರ ಬರೆಯೋದೂ ಬೇಡ. ಮುಂದಿನ ಸಲ ಬಂದಾಗ ಪೇಪರ್ ತೋರಿಸ್ತೀನಿ.

ಒಂದೊಂದು ಸಾಲು ಅಲ್ಲಿ ಯಾಕಿದೆ ಅನ್ನುವುದನ್ನು ನೋಡೋಣ.

ಮೊದಲ ಸಾಲಿನಲ್ಲಿ ಮಗುವಿನ ಹೆಸರಿದೆ. ಫೋನು ಲಾಕ್ ಆಗಿದ್ದಾಗ ವಾಟ್ಸಾಪ್ ತೋರಿಸುವುದು ಮೊದಲ ಒಂದೆರಡು ಸಾಲು ಮಾತ್ರ. ಅಲ್ಲಿ "ಭರ್ಜರಿ ಆಫರ್" ಇದ್ದರೆ ಕೇಶ್ವಾಪುರದ ಸೀರೆ ಅಂಗಡಿಯ ಮೆಸೇಜಿನ ಜೊತೆ ಅದೂ ಹೋಗುತ್ತದೆ. ಮಗಳ ಹೆಸರಿದ್ದರೆ ತೆರೆಯದೆ ಇರುವ ತಾಯಿ ಇಲ್ಲ. ಆದರೆ ಹೆಸರನ್ನು ಗಾಳ ಮಾಡಿಕೊಳ್ಳಬಾರದು, ಹೆಸರಿನ ಹಿಂದೆ ನಿಜವಾದ ಸುದ್ದಿ ಇರಬೇಕು. ಅದಕ್ಕೇ ಚಿಹ್ನೆ ತಪ್ಪುವ ಮಾತನ್ನೂ ಬರೆದೆ. ಬರೀ ಹೊಗಳಿಕೆ ಇದ್ದಿದ್ದರೆ ಮುಂದಿನ ಸಾಲಿನಲ್ಲಿ ಏನೋ ಕೇಳುತ್ತಾರೆ ಅಂತ ಯಾರಿಗಾದರೂ ವಾಸನೆ ಬರುತ್ತದೆ. ಒಂದು ಕೊರತೆಯನ್ನೂ ಹೇಳಿದರೆ ಅದು ಟೀಚರಿನ ಮಾತಾಗುತ್ತದೆ.

ಈ ಕಾರಣಕ್ಕೇ ಬ್ರಾಡ್‌ಕಾಸ್ಟ್ ಲಿಸ್ಟ್ ಇಲ್ಲಿ ಉಪಯೋಗವಿಲ್ಲ. ಅದರಲ್ಲಿ ಹೆಸರು ಬದಲಾಗುವುದಿಲ್ಲ. ಮೇಲಾಗಿ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ, ಉಳಿದವರಿಗೆ ಹೋಗುವುದೇ ಇಲ್ಲ. 13 ಮೆಸೇಜು ಒಂದೊಂದಾಗಿ ಬರೆಯಲು ನನಗೆ ಒಂದೂವರೆ ತಾಸು ಹಿಡಿಯಿತು. ಪಾಲಕರ ಗ್ರೂಪಿನಲ್ಲಂತೂ ಹಾಕಲೇಬೇಡಿ. ಅಲ್ಲಿ ಒಬ್ಬರು ಹೆಬ್ಬೆರಳು ಒತ್ತಿದರೆ ಉಳಿದವರೂ ಒತ್ತಿ ಸುಮ್ಮನಾಗುತ್ತಾರೆ.

"18ರ ಮೇಲೆ ನಾನು ತಗೊಳ್ಳೋದಿಲ್ಲ" ಅನ್ನುವ ಸಾಲು ಅವಸರಪಡಿಸಲು ಬರೆದದ್ದಲ್ಲ. ಅದು ಈ ತಾಯಿಗೆ ಕೊಟ್ಟ ಮಾತು: ನಿಮ್ಮ ಮಗಳ ಪಾಲಿನ ಗಮನ ಎಲ್ಲೂ ಹೋಗುವುದಿಲ್ಲ. ಕೊಟ್ಟ ಮೇಲೆ 19ನೆಯವರು ಯಾರ ಶಿಫಾರಸಿನಿಂದ ಬಂದರೂ ತಗೊಳ್ಳಬಾರದು.

ಆಮೇಲಿನ ಪ್ರಶ್ನೆ. "ನಿಮ್ಮ ಸ್ನೇಹಿತರು, ಬಂಧುಗಳು, ಪರಿಚಯದವರು" ಅಂತ ಕೇಳಿದರೆ ಯಾರ ಮುಖವೂ ಕಣ್ಣೆದುರು ಬರುವುದಿಲ್ಲ. "ನಿಮ್ಮ ಕಡೆಯಿಂದ, ಜೊತೆ ಹೋಗಿಬರಬಹುದಾದ ಹುಡುಗಿ" ಅಂದಾಗ ಬರುವುದು ಒಂದೋ ಎರಡೋ ಮುಖ. ಇನ್ನೊಂದು ಮನೆಗೆ ನಾನು "ಇವನ ಜೊತೆ ಕ್ರಿಕೆಟ್ ಆಡುವ ಹುಡುಗರಲ್ಲಿ" ಅಂತ ಕೇಳಿದ್ದೆ, ಮತ್ತೊಂದು ಮನೆಗೆ "ನಿಮ್ಮ ಆಟೋದಲ್ಲಿ ಶಾಲೆಗೆ ಹೋಗುವವರಲ್ಲಿ" ಅಂತ. ಈ ಒಂದು ವಾಕ್ಯ ಪ್ರತಿ ಮನೆಗೂ ಬೇರೆ ಇರಬೇಕು. ನೋಟ್‌ಬುಕ್ಕಿನ ಎರಡನೇ ಗುರುತು ಇದಕ್ಕಾಗಿಯೇ.

ನಾಲ್ಕು ದಿನದ ಮಾತು ಇನ್ನೊಂದು ಭಯಕ್ಕೆ ಉತ್ತರ. ಹೇಳಿ ಕಳಿಸಿದ ಮೇಲೆ ಆ ಮಗುವಿಗೆ ಹೊಂದದಿದ್ದರೆ "ನೀವು ಹೇಳಿದ್ರಿ ಅಂತ ಹಾಕಿದ್ವಿ" ಅನ್ನುವ ಮಾತು ಮದುವೆ, ಸೀಮಂತದಲ್ಲಿ ವರ್ಷಗಟ್ಟಲೆ ಕೇಳಬೇಕಾಗುತ್ತದೆ. "ನೀವು ನಡುವೆ ಬರಬೇಕಾಗಿಲ್ಲ" ಅನ್ನುವುದು ಅದಕ್ಕೆ. ನಾಲ್ಕೇ ದಿನ ಯಾಕೆ ಅಂದರೆ, ಒಂದು ದಿನದ ಡೆಮೊದಲ್ಲಿ ಎಲ್ಲ ಟೀಚರುಗಳೂ ಚೆನ್ನಾಗಿ ಕಲಿಸುತ್ತಾರೆ. ನಾಲ್ಕು ದಿನದಲ್ಲಿ ಒಂದು ಹೊಸ ಪಾಠ, ಒಂದು ಅಭ್ಯಾಸ, ಒಂದು ಸಣ್ಣ ಟೆಸ್ಟು ಬರುತ್ತದೆ, ಮಗುವಿಗೂ ತಿಳಿಯುತ್ತದೆ, ನನಗೂ.

ರೊಕ್ಕದ ವಿಷಯ ನಾಲ್ಕನೇ ಪ್ಯಾರಾದಲ್ಲಿದೆ, ಆದರೆ ಮುಚ್ಚಿಟ್ಟಿಲ್ಲ. ಕೆಲವರು ಕರೆತಂದವರ ಬಹುಮಾನವನ್ನು ಗುಟ್ಟಾಗಿ ಇಡಲು ಹೇಳುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ, ನಡೆಯುವುದೂ ಇಲ್ಲ. ನವನಗರದಲ್ಲಿ ಗುಟ್ಟು ವಾರದೊಳಗೆ ಉಣಕಲ್ ಮುಟ್ಟುತ್ತದೆ. "ಅವರಿಗೂ ಹೀಗೇ ಹೇಳಿರ್ತೀನಿ" ಅನ್ನುವ ಚಿಕ್ಕ ಸಾಲು ಆ ತಾಯಿಯ ಮೇಲಿನ ಭಾರ ಇಳಿಸುತ್ತದೆ. ಅವರು ಏನನ್ನೂ ಬಚ್ಚಿಡಬೇಕಾಗಿಲ್ಲ.

"ಅಕ್ಕಾರ" ಅಂದದ್ದು ಆ ಮನೆಯ ಜೊತೆ ನನಗೆ ಆ ಮಾತಿನ ರೂಢಿ ಇರುವುದರಿಂದ. ತಂದೆಯರಿಗೆ "ಸರ" ಅನ್ನುತ್ತೇನೆ, ವಯಸ್ಸಾದವರಿಗೆ "ಕಾಕಾರ". ಗೇಟಿನಲ್ಲಿ ಹೇಗೆ ಕರೆಯುತ್ತೀರೋ ಮೆಸೇಜಿನಲ್ಲೂ ಹಾಗೇ ಇರಲಿ. "ಆತ್ಮೀಯ ಪಾಲಕರೇ" ಅನ್ನುವುದು ಸುತ್ತೋಲೆಯ ಭಾಷೆ. ಹಾಗಂತ ಇಡೀ ಮೆಸೇಜನ್ನು ನಮ್ಮ ಆಡುಮಾತಿನಲ್ಲೇ ಬರೆಯಲು ಹೋಗಿ ನಾನೊಮ್ಮೆ ಸೋತಿದ್ದೇನೆ. ಓದಲು ತಡವರಿಸುತ್ತದೆ, ತಮಾಷೆಯಂತೆ ಕಾಣುತ್ತದೆ. ಓದಲು ಕಷ್ಟಪಡುವ ಪಾಲಕರಿಗೆ ಇದನ್ನೇ ವಾಯ್ಸ್ ಮೆಸೇಜಾಗಿ ಕಳಿಸಿ, ಒಂದು ನಿಮಿಷದೊಳಗೆ. ಅಲ್ಲಿ ಆಡುಮಾತು ಸಲೀಸಾಗಿ ಬರುತ್ತದೆ.

ಅವರು ಗೆಳತಿಗೆ ಕಳಿಸುವ ಮೆಸೇಜು

ಇದನ್ನು ತಾಯಿಯ ದನಿಯಲ್ಲಿ ನೀವೇ ಬರೆದುಕೊಡುವ ಆಸೆ ಆಗುತ್ತದೆ: "ನನ್ನ ಮಗಳು ಇಲ್ಲಿ ತುಂಬಾ ಚೆನ್ನಾಗಿ ಕಲಿಯುತ್ತಿದ್ದಾಳೆ..." ಅಂತ. ಬೇಡ. ಫಾರ್ವರ್ಡ್ ಮಾಡಿದ ಮೆಸೇಜಿನ ಮೇಲೆ ವಾಟ್ಸಾಪ್ "Forwarded" ಅಂತ ತೋರಿಸುತ್ತದೆ. "ನನ್ನ ಮಗಳು" ಅನ್ನುವ ಮಾತಿನ ನೆತ್ತಿಯ ಮೇಲೆ ಆ ಗುರುತು ಇದ್ದರೆ ಅದು ಎರವಲು ಮಾತು ಅಂತ ಗೆಳತಿಗೆ ತಕ್ಷಣ ಗೊತ್ತಾಗುತ್ತದೆ. ಆದ್ದರಿಂದ ಫಾರ್ವರ್ಡ್ ಆಗುವ ಭಾಗ ಟ್ಯೂಷನ್ನಿನ ದನಿಯಲ್ಲಿ, ಬರೀ ಮಾಹಿತಿಯಾಗಿ ಇರಲಿ:

> 9ನೇ ತರಗತಿ ಗಣಿತ, ವಿಜ್ಞಾನ. ಕನ್ನಡ ಮತ್ತು ಇಂಗ್ಲಿಷ್ ಮಾಧ್ಯಮ. ನವನಗರ.
> ಸೋಮವಾರದಿಂದ ಶುಕ್ರವಾರ, ಸಂಜೆ 6ರಿಂದ 7.30. ಬ್ಯಾಚಿಗೆ 18 ಮಕ್ಕಳು, ಈಗ 4 ಜಾಗ ಇವೆ.
> ತಿಂಗಳಿಗೆ ₹1,200. ಮೊದಲ 4 ದಿನ ಫೀ ಇಲ್ಲದೆ ಕೂತು ನೋಡಬಹುದು.
> ನಮ್ಮ ಪಾಲಕರು ಹೇಳಿ ಬಂದವರಿಗೆ ಮೊದಲ ತಿಂಗಳು ₹600 ಕಡಿಮೆ, ಹೇಳಿದವರ ಮಗುವಿಗೂ ಆಮೇಲೆ ಅಷ್ಟೇ.
> ಬರುವ ಮೊದಲು ಈ ಲಿಂಕ್ ಒತ್ತಿ, ಯಾರು ಹೇಳಿದರು ಅಂತ ಬರೆಯಿರಿ.

ಲಿಂಕ್ ಹೀಗಿರುತ್ತದೆ:

```
https://wa.me/91XXXXXXXXXX?text=DEMO9
```

X ಇರುವಲ್ಲಿ ನಿಮ್ಮ ಹತ್ತು ಅಂಕಿಯ ನಂಬರ್ ಹಾಕಿ. 91ಕ್ಕಿಂತ ಮೊದಲು ಕೂಡಿಸುವ ಗುರುತು ಬೇಡ, 91 ಆದ ಮೇಲೆ ನಂಬರಿನ ಮೊದಲು ಸೊನ್ನೆಯೂ ಬೇಡ. ಒತ್ತಿದರೆ ನಿಮ್ಮ ಚಾಟ್ ತೆರೆದು DEMO9 ಅನ್ನುವುದು ಬರೆದಿಟ್ಟಂತೆ ಬರುತ್ತದೆ, ಅವರು ಮುಂದೆ ಹೆಸರು ಸೇರಿಸಿ ಕಳಿಸಿದರೆ ಸಾಕು. ಪಾಲಕರ ಹತ್ತಿರ "ನಿಮ್ಮ ಗೆಳತಿಯ ನಂಬರ್ ಕೊಡ್ರಿ, ನಾನೇ ಫೋನ್ ಮಾಡ್ತೀನಿ" ಅನ್ನಬೇಡಿ. ಕೇಳದೆ ಕೊಟ್ಟ ನಂಬರಿಗೆ ಫೋನ್ ಹೋದರೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ, ಕೊಟ್ಟವರ ಮೇಲೆ.

ಇದನ್ನು ಕಳಿಸುವಾಗ ಮೇಲೊಂದು ಸಾಲು ಸೇರಿಸುತ್ತೇನೆ: "ಇದರ ಜೊತೆ, ಅವಳು ಇಲ್ಲಿಗೆ ಬಂದ ಮೇಲೆ ಮನೆಯಲ್ಲಿ ಏನು ಬದಲಾಯಿತು ಅಂತ ನಿಮ್ಮ ಮಾತಿನಲ್ಲೇ ಒಂದು ಸಾಲು ಹಾಕ್ರಿ." ಏನು ಬರೆಯಬೇಕು ಅಂತ ಹೇಳುವುದಿಲ್ಲ. ಉಣಕಲ್ಲಿನ ತಾಯಿ ಬರೆದದ್ದನ್ನು ಹೊಸದಾಗಿ ಸೇರಿದವರೇ ನನಗೆ ತೋರಿಸಿದರು: "ಈಗ ಗಣಿತ ಹೋಮ್‌ವರ್ಕ್ ಅಂದ್ರ ಹೊಟ್ಟಿನೋವು ಬರೂದಿಲ್ಲ ಆಕಿಗೆ." ಇಂಥ ಸಾಲನ್ನು ನಾನು ರಾತ್ರಿಯಿಡೀ ಕೂತರೂ ಬರೆಯಲಾರೆ.

ಯಾವಾಗ

ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದಲ್ಲಿ ಎಲ್ಲರ ಫೋನೂ ಟ್ಯೂಷನ್ ಜಾಹೀರಾತಿನಿಂದ ತುಂಬಿರುತ್ತದೆ. ಜೂನಿನಲ್ಲಿ ಶಾಲೆ ಶುರುವಾದಾಗ ನಮ್ಮ ಹಳೆ ಪಾಲಕರಿಗೆ ಹೇಳಲು ಹೊಸದೇನೂ ಇರುವುದಿಲ್ಲ. ನನಗೆ ಹೊಂದಿದ್ದು ಎರಡು ಸಮಯ: ಶಾಲೆಯ ಮೊದಲ ಎಫ್‌ಎ ಪೇಪರ್ ಮನೆಗೆ ಬಂದ ವಾರ, ಮತ್ತೆ ದಸರಾ ರಜೆ ಮುಗಿದ ವಾರ. ಆಗ ನಮ್ಮ ಪಾಲಕರ ಮನೆ, ಅವರ ಗೆಳತಿಯ ಮನೆ ಎರಡರಲ್ಲೂ ಅಂಕದ ಮಾತು ನಡೆಯುತ್ತಿರುತ್ತದೆ, ಒಂದರಲ್ಲಿ ಸಮಾಧಾನ, ಇನ್ನೊಂದರಲ್ಲಿ ಚಿಂತೆ. ಫೀ ಕೇಳುವ ವಾರದಿಂದ ಕನಿಷ್ಠ ಹತ್ತು ದಿನ ದೂರ ಇರಿ. ಫೀ ಕೇಳಿದ ಕೈಯಲ್ಲೇ ಉಪಕಾರ ಕೇಳಿದ್ದು ನನ್ನ ಮೊದಲ ಮೆಸೇಜಿನ ಎಲ್ಲಕ್ಕಿಂತ ದಡ್ಡ ಭಾಗ.

ಉತ್ತರವನ್ನು ಓದುವುದು

ಬರೀ ಹೆಬ್ಬೆರಳು ಬಂದರೆ "ನೋಡಿದೆ" ಅಂತ ಅರ್ಥ, ಅಷ್ಟೇ. "ಕೇಳಿ ನೋಡ್ತೀನ್ರಿ" ಅಂದರೆ ಒಂದು ಮುಖ ನೆನಪಾಗಿದೆ. ಅವರಿಗೆ ಒಂದು ವಾರ ಬಿಡಿ. ಆಮೇಲೆ ನೆನಪಿಸುವುದಾದರೆ ಜಾಗದ ಲೆಕ್ಕ ಒಂದೇ ಸಾಲಿನಲ್ಲಿ: "ಅಕ್ಕಾರ, 2 ಜಾಗ ಉಳಿದಾವ್ರಿ, ನಿಮ್ಮವರಿಗೆ ಒಂದು ಹಿಡಿಲೇನು?" ಅದಕ್ಕೂ ಉತ್ತರ ಬರದಿದ್ದರೆ ಅಲ್ಲಿಗೆ ನಿಲ್ಲಿಸಿ. ಮೂರನೇ ಸಲ ಕೇಳಿದರೆ ಅವರು ಗೇಟಿನಲ್ಲಿ ನಿಮ್ಮ ಕಣ್ಣು ತಪ್ಪಿಸುತ್ತಾರೆ.

ಮೊದಲ ಪ್ರಶ್ನೆಯೇ "ರಿಯಾಯಿತಿ ಯಾವಾಗ ಸಿಗ್ತದ್ರಿ?" ಅಂತ ಇಬ್ಬರು ಮೂವರಿಂದ ಬಂದರೆ ಮೆಸೇಜಿನಲ್ಲಿ ರೊಕ್ಕ ಎದ್ದು ಕಾಣುತ್ತಿದೆ ಅಂತ ತಿಳಿಯಿರಿ, ಅದನ್ನು ಇನ್ನೂ ಕೆಳಗಿಳಿಸಿ. ಮಕ್ಕಳು ಡೆಮೊಗೆ ಬಂದು ಸೇರದೆ ಹೋಗುತ್ತಿದ್ದರೆ ಮೆಸೇಜನ್ನು ತಿದ್ದುತ್ತ ಕೂರಬೇಡಿ, ಅದು ತನ್ನ ಕೆಲಸ ಮಾಡಿಯಾಗಿದೆ. ತೊಡಕು ಕ್ಲಾಸಿನಲ್ಲೋ ಸಮಯದಲ್ಲೋ ಇದೆ. ನನ್ನ ಹತ್ತಿರ ಹೀಗೆ ಹೋದ ಇಬ್ಬರನ್ನು ಕೇಳಿದಾಗ ಕಾರಣ ಒಂದೇ ಇತ್ತು: ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ನಾನು ಪದಗಳನ್ನು ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷಿಗೆ ಬರುತ್ತಿದ್ದೆ, ಅವರು ಅಷ್ಟರಲ್ಲಿ ಕಳೆದುಹೋಗುತ್ತಿದ್ದರು.

ಜೋಡಿಯಾಗಿ ಬಂದವರ ತೊಂದರೆ ಒಂದಿದೆ, ಅವರು ಮಾತಾಡುತ್ತಾರೆ. ಮೊದಲ ದಿನವೇ ಬೇರೆ ಬೇರೆ ಬೆಂಚಿನಲ್ಲಿ ಕೂರಿಸಿ, ಪಾಲಕರಿಗೂ ಹೇಳಿಬಿಡಿ: "ಬರೋದು ಹೋಗೋದು ಕೂಡಿ, ಕೂರೋದು ಬ್ಯಾರೆ."

ಬರೆಯಬಾರದ್ದು ಎರಡಿವೆ. "90ರ ಮೇಲೆ ಗ್ಯಾರಂಟಿ" ಅನ್ನುವ ಮಾತು ಬೇಡ. ಕೋಚಿಂಗ್ ಜಾಹೀರಾತುಗಳಲ್ಲಿ ಇಂಥ ಭರವಸೆಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿಯನ್ನೇ ತಂದಿದೆ. ನಮ್ಮಂಥ ಸಣ್ಣವರ ಮೆಸೇಜಿನಲ್ಲಿ ಆ ಭರವಸೆಯ ಹೊಣೆ ಕರೆತಂದ ಪಾಲಕರ ತಲೆಗೆ ಬೀಳುತ್ತದೆ ಅನ್ನುವುದು ಇನ್ನೊಂದು ಕಾರಣ. ಒಂದು ಮಗುವಿನ ಅಂಕವನ್ನು ಇನ್ನೊಂದು ಮನೆಯ ಮೆಸೇಜಿನಲ್ಲಿ ಹಾಕುವುದೂ ಬೇಡ. 9ರಿಂದ 16 ಅನ್ನುವುದು ಆ ತಾಯಿಗೆ ಮಾತ್ರ ಹೋದ ಸುದ್ದಿ, ಹೇಳುವುದಾದರೆ ಅವರೇ ಹೇಳಲಿ. ಶಾಲೆಯ ಶಿಕ್ಷಕರಿಗೆ ಈ ಯೋಜನೆ ಕಳಿಸಿ "ಮಕ್ಕಳನ್ನ ಕಳಿಸ್ರಿ" ಅನ್ನುವುದನ್ನೂ ಮಾಡಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಾಲಾ ಶಿಕ್ಷಕರು ಖಾಸಗಿ ಪಾಠ ಮಾಡುವುದನ್ನು ನಿಷೇಧಿಸುತ್ತದೆ. ಹಾಗಿರುವಾಗ ಶಿಕ್ಷಕರೊಬ್ಬರ ಹೆಸರು ಟ್ಯೂಷನ್ನಿನ ರಿಯಾಯಿತಿಯ ಜೊತೆ ತಳಕು ಹಾಕಿಕೊಂಡರೆ ತೊಂದರೆ ಅವರಿಗೇ.

ಎರಡನೇ ವರ್ಷ ಆದದ್ದು

13 ಮನೆಗೆ ಮೆಸೇಜು ಹೋಯಿತು. ಏಳು ಉತ್ತರ ಬಂದವು, ಐದು ಮಕ್ಕಳು ನಾಲ್ಕು ದಿನ ಕೂತು ನೋಡಿದರು, ಮೂವರು ಸೇರಿದರು. ಕರೆತಂದ ಮೂವರಲ್ಲಿ ಇಬ್ಬರು ತಮ್ಮ ₹600 ಅನ್ನು ಗೆಳತಿಯ ಮನೆಗೇ ಕೊಟ್ಟರು. ಅವರಲ್ಲಿ ಒಬ್ಬರು ಹಿಂದಿನ ವರ್ಷ ಗೇಟಿನಲ್ಲಿ ನಿಂತು ಮಾತಾಡಿದ ತಾಯಿ. ವೈನಿಯ ಮಗ ಅಷ್ಟರಲ್ಲಿ ಹತ್ತನೇತ್ತೆಗೆ ಹೋಗಿ ಬೇರೆ ಕಡೆ ಸೇರಿದ್ದ, ಅವನ ಬದಲು ಅವನ ಗೆಳೆಯನ ತಂಗಿ ಬಂದಳು.

ಸೇರದೆ ಹೋದ ಇಬ್ಬರನ್ನು ಹೇಳಿ ಕಳಿಸಿದವರಿಗೂ ಅದೇ ದಿನ ಬರೆದೆ: "ನಿಮ್ಮವರು ನಾಲ್ಕು ದಿನ ಬಂದಿದ್ರು, ಛಲೋ ಹುಡುಗ. ಅವರಿಗೆ ಹೊಂದಲಿಲ್ಲ. ನೀವು ಹೇಳಿದ್ದಕ್ಕ ಥ್ಯಾಂಕ್ಸ್ ರೀ." ಅವರಲ್ಲಿ ಒಬ್ಬ ಹುಡುಗ ಭಿನ್ನರಾಶಿಯಲ್ಲೇ ತೊಡರುತ್ತಿದ್ದ, ಅದನ್ನು ಅವನ ತಾಯಿಗೆ ಮಾತ್ರ ಹೇಳಿದೆ.

ನಾಲ್ಕನೇ ಜಾಗಕ್ಕೆ ಗಲ್ಲಿಯ ಬೋರ್ಡ್ ನೋಡಿ ಒಬ್ಬರು ಬಂದರು. ಅವತ್ತು ರಾತ್ರಿಯೇ 13 ಮನೆಗೂ ಕೊನೆಯ ಮೆಸೇಜು ಹೋಯಿತು. ಇದನ್ನು ತಡ ಮಾಡಿದರೆ ಯಾರೋ ಒಬ್ಬರು ಗೆಳತಿಯನ್ನು ಒಪ್ಪಿಸಿ ಕರೆತಂದ ಮೇಲೆ ನೀವು ಇಲ್ಲ ಅನ್ನಬೇಕಾಗುತ್ತದೆ, ಮುಂದಿನ ವರ್ಷ ಅವರು ಬಾಯಿ ತೆರೆಯುವುದಿಲ್ಲ.

> ಒಂಬತ್ತನೇ ಬ್ಯಾಚ್ 18 ಆಯ್ತು, ಇನ್ನು ಈ ವರ್ಷ ತಗೊಳ್ಳೋದಿಲ್ಲ. ಯಾರಿಗಾದರೂ ಹೇಳಿಟ್ಟಿದ್ದರೆ ನಾಳೆ ಸಂಜೆಯೊಳಗೆ ನನಗೆ ತಿಳಿಸ್ರಿ, ಅವರಿಗೆ ನಾನೇ ಮಾತಾಡಿ ಹೇಳ್ತೀನಿ.